ಬತ್ತಿಯ ತುದಿಯ ಬೆಲೆ

ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ನಮ್ಮ ಕಚೇರಿ. ಚಿನ್ನ, ಬೆಳ್ಳಿ, ಹತ್ತಿಗೆ ಮುಂದಿನ ತಾರೀಖಿನ ಬೆಲೆಯನ್ನು ಈಗಲೇ ಕಟ್ಟುವ ವಾಯಿದೆ ವ್ಯಾಪಾರ ಮಾಡುವವರು ಹೇಳಿದಂತೆ ಕಂಪ್ಯೂಟರಿನಲ್ಲಿ ಕೊಳ್ಳುವುದು, ಮಾರುವುದು ನಮ್ಮ ಕೆಲಸ. ಹೊಸಬರಿಗೆ ಚಾರ್ಟ್ ಓದುವುದನ್ನು ಹೇಳಿಕೊಡುವುದು ನನ್ನ ಪಾಲಿಗೆ ಬಂದಿದೆ. ಓದುವುದನ್ನು ಮಾತ್ರ. ಈಗ ಕೊಳ್ಳಿ, ಈಗ ಮಾರಿ ಎಂದು ನಾನು ಯಾರಿಗೂ ಹೇಳುವಂತಿಲ್ಲ, ಅದು ನಿಯಮ. ಬರುವವರಿಗೆ ಬೇಕಾಗಿರುವುದು ಅದೊಂದೇ ಆದ್ದರಿಂದ ನನ್ನ ಪಾಠ ಮುಗಿದ ಮೇಲೆ ಹೆಚ್ಚಿನವರು ಮುಖ ಸಪ್ಪಗೆ ಮಾಡಿಕೊಂಡು ಮೆಟ್ಟಿಲು ಇಳಿಯುತ್ತಾರೆ. ನನಗೆ ಅಭ್ಯಾಸವಾಗಿದೆ.

ಒಂದು ದಿನ ಬೆಳಗ್ಗೆ ಆ ಮೆಟ್ಟಿಲು ಹತ್ತಿ ನನ್ನ ಚಿಕ್ಕಪ್ಪ ಬಂದರು. ಕರುಮತ್ತಂಪಟ್ಟಿಯಿಂದ ಎರಡು ಬಸ್ಸು ಬದಲಾಯಿಸಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ನಮ್ಮದು ನೇಯ್ಗೆಯವರ ಮನೆತನ. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಕನ್ನಡ ಅಕ್ಷರ ನಮ್ಮಲ್ಲಿ ಯಾರಿಗೂ ಬಾರದು. ನನಗೆ ಬರುವುದು ಹೆಂಡತಿ ಚಾಮರಾಜನಗರದ ಕಡೆಯವಳಾದ್ದರಿಂದ ಮತ್ತು ಅವಳಿಗೆ ಹಟ ಜಾಸ್ತಿ ಇರುವುದರಿಂದ. ಚಿಕ್ಕಪ್ಪ ತಮ್ಮ ಆಯುಷ್ಯದ ಬಹುಪಾಲು ಜಕಾರ್ಡ್ ಮಗ್ಗಗಳಿಗೆ ಡಿಸೈನ್ ಬರೆದವರು. ಗ್ರಾಫ್ ಕಾಗದದ ಒಂದೊಂದು ಚೌಕಕ್ಕೆ ಬಣ್ಣ ತುಂಬುತ್ತ ಹೋದರೆ ಸೀರೆಯ ಅಂಚಿನಲ್ಲಿ ಮಾವಿನಕಾಯಿ, ನವಿಲು ಎದ್ದು ಬರುತ್ತವೆ. ಆಮೇಲೆ ಸ್ವಂತ ಮಗ್ಗ ಹಾಕಿದರು. ಹಿಂದಿನ ವರ್ಷ ಕಣ್ಣು ಸಾಲದೆಂದು ಮಗ್ಗಗಳನ್ನು ಮಾರಿ ಬಂದ ಹಣವನ್ನು ಬ್ಯಾಂಕಿನಲ್ಲಿ ಇಟ್ಟಿದ್ದರು.

"ಸಾಮಿ, ಚಿನ್ನದ ಚಾರ್ಟ್ ಓದೋದು ಕಲ್ಸ್ಕೊಡು," ಎಂದರು. ನಮ್ಮ ಕಡೆ ಪ್ರೀತಿಯಿಂದ ಕಿರಿಯರನ್ನು ಸಾಮಿ ಎಂದು ಕರೆಯುವುದುಂಟು. "ನಿನ್ನ ಚಿಕ್ಕಮ್ಮನಿಗೆ ತಾಳಿ ಸರ ವಾಂಗ್ಬೇಕು. ಕಮ್ಮಿ ರೇಟ್ ಬಂದಾಗ ನೋಡಿ ವಾಂಗ್ತೀನಿ."

ವಾಂಗುವುದು ಎಂದರೆ ಕೊಳ್ಳುವುದು. ಮನೆಯಲ್ಲಿ ನಾವು ಆ ತಮಿಳು ಮಾತನ್ನು ಎಷ್ಟು ಕಾಲದಿಂದ ಬಳಸುತ್ತಿದ್ದೇವೆಂದರೆ ಅದು ತಮಿಳೆಂಬುದೇ ಮರೆತುಹೋಗಿದೆ.

ತಾಳಿ ಸರದ ವಿಷಯ ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ಮೊದಲ ಜಕಾರ್ಡ್ ಮಗ್ಗ ಹಾಕುವಾಗ ಚಿಕ್ಕಮ್ಮ ತನ್ನ ನಾಲ್ಕು ಪವನಿನ, ಎಂದರೆ ಮೂವತ್ತೆರಡು ಗ್ರಾಮಿನ, ಸರವನ್ನು ಕಳಚಿ ಕೊಟ್ಟಿದ್ದಳು. ಮಗ್ಗ ಓಡಲು ಶುರುವಾದರೆ ತಿರುಗಿ ಮಾಡಿಸುತ್ತೇನೆ ಎಂದು ಚಿಕ್ಕಪ್ಪ ಹೇಳಿದ್ದರು. ಮಗ್ಗ ಓಡಿತು. ಆಮೇಲೆ ಮಕ್ಕಳ ಓದು, ಮದುವೆ, ಮನೆಗೆ ತಾರಸಿ, ಹೀಗೆ ಯಾವುದಾದರೂ ಒಂದು ಸರಕ್ಕಿಂತ ಮುಂದೆ ಬಂದು ನಿಲ್ಲುತ್ತಿತ್ತು. ಅಂದಿನಿಂದ ಅವಳ ತಾಳಿ ಅರಿಸಿನದ ದಾರದಲ್ಲಿದೆ. ಪ್ರತಿ ವರ್ಷ ತಮಿಳರ ಆಡಿ ತಿಂಗಳ ಹದಿನೆಂಟನೆಯ ದಿನದ ಹಬ್ಬದಂದು ಹೆಂಗಸರೆಲ್ಲ ಹಳೆಯ ದಾರ ತೆಗೆದು ಹೊಸತು ಕಟ್ಟಿಕೊಳ್ಳುತ್ತಾರೆ, ಅವಳೂ ಕಟ್ಟಿಕೊಳ್ಳುತ್ತಾಳೆ. ಈ ಸಲ ಆಡಿ ಹದಿನೆಂಟಕ್ಕೆ ದಾರದ ಬದಲು ಸರ ಹಾಕಿಸುತ್ತೇನೆ ಎಂದು ಚಿಕ್ಕಪ್ಪ ಅವಳಿಗೆ ಮಾತು ಕೊಟ್ಟು ಬಂದಿದ್ದರು.

ನಾನು ಪರದೆ ತಿರುಗಿಸಿ ಪಾಠ ಶುರುಮಾಡಿದೆ. ಇದು ನಮ್ಮ ಪೇಟೆಯ ಚಿನ್ನದ ದಿನದ ಚಾರ್ಟ್. ಒಂದೊಂದು ಕಡ್ಡಿಯೂ ಒಂದು ದಿನ. ಮೇಣದ ಬತ್ತಿಯ ಹಾಗೆ ಕಾಣುವುದರಿಂದ ಕ್ಯಾಂಡಲ್ ಎನ್ನುತ್ತಾರೆ. ಒಂದು ಕ್ಯಾಂಡಲಿನಲ್ಲಿ ಇರುವುದು ನಾಲ್ಕೇ ಬೆಲೆ: ಬೆಳಗ್ಗೆ ಶುರುವಾದದ್ದು, ದಿನದಲ್ಲಿ ಎಲ್ಲಕ್ಕಿಂತ ಮೇಲೆ ಹೋದದ್ದು, ಎಲ್ಲಕ್ಕಿಂತ ಕೆಳಗೆ ಇಳಿದದ್ದು, ಕೊನೆಗೆ ಮುಗಿದದ್ದು. ಶುರುವಿನಿಂದ ಮುಗಿದಲ್ಲಿಯವರೆಗೆ ದಪ್ಪಗೆ ಇರುವುದು ಮೈ. ಮುಗಿದ ಬೆಲೆ ಶುರುವಿಗಿಂತ ಮೇಲಿದ್ದರೆ ಹಸಿರು, ಕೆಳಗಿದ್ದರೆ ಕೆಂಪು. ಮೈಯ ಮೇಲೆ, ಕೆಳಗೆ ಸಣ್ಣಗೆ ಗೆರೆಯಂತೆ ಚಾಚಿಕೊಂಡಿರುವುದು ಬತ್ತಿ.

ಚಿಕ್ಕಪ್ಪ ಕನ್ನಡಕ ಮೇಲೆ ಸರಿಸಿ, ಪರದೆಗೆ ಮೂಗು ತಗಲುವಷ್ಟು ಹತ್ತಿರ ಬಂದು ನೋಡಿದರು.

"ಇಷ್ಟೇನಾ?" ಎಂದರು. "ಇದಕ್ಕಾ ನೀನು ಬಿ.ಕಾಂ. ಓದಿದ್ದು?"

ಅವರ ಹೊಸ ಫೋನಿಗೆ ಚಾರ್ಟ್ ಹಾಕಿಕೊಟ್ಟೆ. ಬತ್ತಿಯ ಬಗ್ಗೆ ಇನ್ನೂ ಹೇಳುವುದಿದೆ ಎಂದು ಬಾಯಿ ತೆರೆಯುವಷ್ಟರಲ್ಲಿ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಚಾರ್ಟ್ ಕಲಿಯಲು ಬಂದವರು ಪಾಠದ ಕೊನೆಯವರೆಗೂ ಕೂತದ್ದನ್ನು ನಾನು ಕಂಡಿದ್ದು ಕಡಿಮೆ. ಬಂಧುಗಳಾದರೆ ಕೇಳುವುದೇ ಬೇಡ.

ಕೆಲವು ವಾರ ಕಳೆದು ಮತ್ತೆ ಬಂದಾಗ ಅವರ ಕಂಕುಳಲ್ಲಿ ಒಂದು ಸುರುಳಿ ಇತ್ತು. ಮೇಜಿನ ಮೇಲಿದ್ದ ನನ್ನ ಕಾಫಿ ಲೋಟವನ್ನು ಪಕ್ಕಕ್ಕಿಟ್ಟು ಅದನ್ನು ಬಿಡಿಸಿದರು. ಗ್ರಾಫ್ ಕಾಗದ. ದಿನದ ಕ್ಯಾಂಡಲುಗಳನ್ನೆಲ್ಲ ಚೌಕಕ್ಕೆ ಚೌಕ ಇಟ್ಟು, ಹಸಿರು, ಕೆಂಪು ತುಂಬಿ ಬರೆದಿದ್ದರು. ಅಷ್ಟು ಅಂದವಾದ ಚಿನ್ನದ ಚಾರ್ಟನ್ನು ನಾನು ಈವರೆಗೆ ನೋಡಿಲ್ಲ. ನಮ್ಮ ಕಚೇರಿಯ ಇಬ್ಬರು ಎದ್ದು ಬಂದು ನೋಡಿದರು. ಒಬ್ಬನಂತೂ ಇದನ್ನು ಸೀರೆಗೆ ಹಾಕಬಹುದು ಎಂದ. ಚಿಕ್ಕಪ್ಪ ಅದನ್ನು ಮೆಚ್ಚುಗೆಯೆಂದೇ ತಿಳಿದರು.

ಏನೋ ಕಡಿಮೆ ಇದೆ ಅನ್ನಿಸಿತು. ಏನೆಂದು ತಿಳಿಯಲು ತುಸು ಹೊತ್ತು ಬೇಕಾಯಿತು.

"ಬತ್ತಿ ಎಲ್ಲಿ ಚಿಕ್ಕಪ್ಪಾ?"

"ಯಾವ ಬತ್ತಿ?"

"ಮೇಲೆ, ಕೆಳಗೆ ಗೆರೆ ಇರುತ್ತಲ್ಲ."

"ಓ, ಪಿಸಿರಾ," ಎಂದರು. "ಅದನ್ನೆಲ್ಲ ಕತ್ತರಿಸ್ಬುಟ್ಟೆ."

ತಿರುಪ್ಪೂರು, ಕರುಮತ್ತಂಪಟ್ಟಿ ಕಡೆ ಬಟ್ಟೆಯ ಅಂಚಿನಲ್ಲಿ, ಹೊಲಿಗೆಯ ಕೊನೆಯಲ್ಲಿ ತೂಗುವ ಬೇಡದ ನೂಲಿಗೆ ಪಿಸಿರು ಎನ್ನುತ್ತಾರೆ. ಸಣ್ಣ ಕತ್ತರಿ ಹಿಡಿದು ದಿನವಿಡೀ ಪಿಸಿರು ಕತ್ತರಿಸುವುದೇ ಎಷ್ಟೋ ಜನರ ಕೆಲಸ. ಪಿಸಿರು ಉಳಿದ ಬಟ್ಟೆಯನ್ನು ಕೊಳ್ಳುವವರು ವಾಪಸು ಕಳಿಸುತ್ತಾರೆ. ಡಿಸೈನ್ ಬರೆಯುವವರ ಕಣ್ಣಿಗೆ ಮೈ ಮಾತ್ರ ಡಿಸೈನು, ಮೈಯಿಂದ ಹೊರಗೆ ತೂಗುವುದೆಲ್ಲ ತೆಗೆಯಬೇಕಾದ ಕಸ. ಚಿಕ್ಕಪ್ಪ ಅಷ್ಟೂ ದಿನಗಳ ಬೆಲೆಯನ್ನು ಚೊಕ್ಕ ಮಾಡಿ ತಂದಿದ್ದರು.

ನನಗೆ ನಗು ಬರಲಿಲ್ಲ. ಸಿಟ್ಟು ಬಂತು. ಯಾಕೆಂದರೆ ಅವರ ಕಾಗದದ ನಡುವಿನಲ್ಲಿದ್ದ ಒಂದು ದಿನ ನನಗೆ ನೆನಪಿತ್ತು. ಅದರ ಹಿಂದೆ ಸಾಲಾಗಿ ಕೆಂಪು ದಿನಗಳು, ಬೆಲೆ ಇಳಿಯುತ್ತ ಬಂದಿತ್ತು. ಆ ದಿನ ಅವರ ಕಾಗದದಲ್ಲಿ ಮೈ ಎರಡು ಚೌಕದಷ್ಟು, ಎಲ್ಲಕ್ಕಿಂತ ಚಿಕ್ಕದು. ಪರದೆಯಲ್ಲಿ ಅದೇ ದಿನವನ್ನು ತೆಗೆದು ತೋರಿಸಿದೆ. ಚಿಕ್ಕ ಮೈಯ ಕೆಳಗೆ, ಅದರ ಮೂರು ನಾಲ್ಕು ಪಟ್ಟು ಉದ್ದದ ಬತ್ತಿ ಇಳಿಬಿದ್ದಿತ್ತು.

"ಇದನ್ನ ನೋಡಿದಾಗ ಏನು ಅಂದ್ಕೊಂಡ್ರಿ?"

"ಸಣ್ಣ ದಿನ, ಏನೂ ನಡೀಲಿಲ್ಲ ಅಂದ್ಕೊಂಡೆ."

"ತುಂಬಾ ನಡೆದಿದೆ ಚಿಕ್ಕಪ್ಪಾ. ಮಾರುವವರು ಬೆಲೆಯನ್ನ ಇಲ್ಲೀತನಕ ತಳ್ಳಿಕೊಂಡು ಹೋದ್ರು. ಅಲ್ಲಿ ಕೊಳ್ಳುವವರು ಬಂದು ನಿಂತ್ರು. ದಿನ ಮುಗಿಯೋ ಹೊತ್ತಿಗೆ ತಿರುಗಿ ಶುರುವಾದ ಜಾಗಕ್ಕೇ ತಂದುಬಿಟ್ರು. ಮೈ ಚಿಕ್ಕದು, ಯಾಕಂದ್ರೆ ಹೊರಟದ್ದೂ ಮುಗಿದದ್ದೂ ಹತ್ತಿರ ಹತ್ತಿರ. ನಡುವೆ ನಡೆದ ಜಗಳವೆಲ್ಲ ಬತ್ತಿಯಲ್ಲೇ ಇದೆ."

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಸೇರಿಸಿದೆ. ಸಾಲಾಗಿ ಇಳಿದು ಬಂದ ಮೇಲೆ ಕೆಳಗೆ ಉದ್ದ ಬತ್ತಿ ಕಂಡರೆ ಮಾರುವವರ ಕೈ ಸೋಲುತ್ತಿರಬಹುದು ಎಂದು ಸೂಚನೆ. ಅದೇ ರೀತಿ ಬಹಳ ಏರಿದ ಮೇಲೆ ಮೈಯ ಮೇಲುಗಡೆ ಉದ್ದ ಬತ್ತಿ ಬಂದರೆ ಕೊಳ್ಳುವವರು ದಣಿದಿರಬಹುದು. ಎರಡೂ ಬರೀ ಸೂಚನೆ, ಭರವಸೆಯಲ್ಲ. ಮಾರನೆಯ ದಿನದ ಕ್ಯಾಂಡಲ್ ಅದೇ ಮಾತು ಹೇಳುತ್ತದೆಯೋ ಎಂದು ಕಾದು ನೋಡಬೇಕು. ಏರಿಳಿತವೇ ಇಲ್ಲದೆ ಬೆಲೆ ಒಂದೇ ಕಡೆ ತೂಗಾಡುತ್ತಿರುವಾಗ ಬಂದ ಬತ್ತಿಗೆ ಅಷ್ಟು ಬೆಲೆ ಕೊಡಬೇಕಾಗಿಲ್ಲ.

ಚಿಕ್ಕಪ್ಪ ತಮ್ಮ ಕಾಗದ ನೋಡಿದರು, ಪರದೆ ನೋಡಿದರು. ಆ ದಿನದ ನಂತರ ಸಾಲಾಗಿ ಹಸಿರು ಇತ್ತು. ಅದನ್ನು ಅವರೇ ಗಿಳಿಹಸಿರು ತುಂಬಿ ಬರೆದಿದ್ದರು.

"ಹಂಗಾದ್ರೆ ಆವತ್ತೇ ವಾಂಗ್ಬೇಕಿತ್ತು," ಎಂದರು.

ನಿಯಮ ಒಂದು ಕಡೆ ಇರಲಿ, ಆಗಿಹೋದ ದಿನದ ಬಗ್ಗೆ ಹೇಳುವುದಕ್ಕೆ ಚಾರ್ಟ್ ಕಲಿತವನೇ ಆಗಬೇಕಾಗಿಲ್ಲ.

ಅಂದಿನಿಂದ ಚಿಕ್ಕಪ್ಪನಿಗೆ ಬತ್ತಿಯ ಹುಚ್ಚು ಹಿಡಿಯಿತು. ಮೈ ಇದೆಯೋ ಇಲ್ಲವೋ ಅವರಿಗೆ ಬೇಡ, ಬತ್ತಿ ಬೇಕು. ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ಬಿಚ್ಚುತ್ತಿದ್ದೆ, ಫೋನ್ ಬಂತು.

"ಬಂದದೆ ಸಾಮಿ. ಕೆಳಗೆ ಉದ್ದಕ್ಕೆ ಬಂದದೆ. ಬ್ಯಾಂಕಿಗೆ ಹೊರಡ್ತಾ ಇವ್ನಿ."

"ಚಿಕ್ಕಪ್ಪಾ, ಈ ದಿನ ಇನ್ನೂ ಮುಗಿದಿಲ್ಲ. ವ್ಯಾಪಾರ ರಾತ್ರಿತನಕ ನಡೀತದೆ. ಅಷ್ಟರೊಳಗೆ ಆ ಬತ್ತಿ ಮೈಯಾಗಿಬಿಡಬಹುದು."

"ಅದೆಂಗೆ ಆಗ್ತದೆ?"

"ಮಗ್ಗದ ಮೇಲಿರೋ ಬಟ್ಟೆಯನ್ನ ಅಳೆದು ಬಿಲ್ಲು ಹಾಕ್ತೀರಾ?"

ಅವರಿಗೆ ಅರ್ಥವಾಯಿತು. ಸಂಜೆಯ ಮೇಲೆ ಬೆಲೆ ಮತ್ತೆ ಇಳಿದು ಇಳಿದಲ್ಲೇ ಮುಗಿಯಿತು. ಮಧ್ಯಾಹ್ನ ಉದ್ದ ಬತ್ತಿಯಾಗಿ ಕಂಡದ್ದು ಮಾರನೆಯ ಬೆಳಗ್ಗೆ ಉದ್ದನೆಯ ಕೆಂಪು ಮೈಯಾಗಿ ನಿಂತಿತ್ತು. ಚಿಕ್ಕಪ್ಪ ಫೋನ್ ಮಾಡಿ ನನ್ನನ್ನು ಹೊಗಳಿದರು. ಹೊಗಳಿದ್ದು ಬೇಡವಾಗಿತ್ತು. ಆಮೇಲೆ ಅವರು ಎಲ್ಲವನ್ನೂ ಕಾಯಲು ಕಲಿತರು. ದಿನ ಮುಗಿಯುವುದನ್ನು ಕಾದರು, ಮಾರನೆಯ ಕ್ಯಾಂಡಲನ್ನು ಕಾದರು, ಅದು ಹಸಿರಾದ ಮೇಲೆ ಇಷ್ಟು ಏರಿಬಿಟ್ಟಿತಲ್ಲ ಎಂದು ಮತ್ತೆ ಇಳಿಯುವುದನ್ನು ಕಾದರು. ಕೆಂಪಾದರೆ ಇನ್ನೂ ಇಳಿಯಲಿ ಎಂದು ಕಾದರು. ನಾನು ಕಲಿಸಿದ್ದನ್ನೇ ಕಲಿತಿದ್ದರು, ಸರ ಮಾತ್ರ ಬಂದಿರಲಿಲ್ಲ.

ಚಿನ್ನ ಯಾರನ್ನೂ ಕಾಯದೆ ಏರಿತು. ನಡುನಡುವೆ ನಿಂತು ಉಸಿರು ಬಿಟ್ಟು ಮತ್ತೆ ಏರಿತು. ಬ್ಯಾಂಕಿನಲ್ಲಿದ್ದ ಹಣ ಮೊದಲು ನಾಲ್ಕು ಪವನಿನ ಸರಕ್ಕೆ ಸಾಕಾಗುತ್ತಿತ್ತು. ಆಡಿಗೆ ಹಿಂದಿನ ಆನಿ ತಿಂಗಳು ಮುಗಿಯುವ ಹೊತ್ತಿಗೆ ಮೂರು ಪವನೂ ಚಿಲ್ಲರೆಗೆ ಬಂದು ನಿಂತಿತು.

ಆಡಿ ಶುರುವಾದ ಮೇಲೆ ಒಂದು ದಿನ ಚಿಕ್ಕಮ್ಮ ಫೋನ್ ಮಾಡಿದಳು. ಅವಳು ಫೋನ್ ಮಾಡುವವಳಲ್ಲ.

"ಇವ್ರಿಗೆ ಏನಪ್ಪ ಕಲ್ಸ್ಕೊಟ್ಟಿದ್ದೀಯ?" ಎಂದಳು. "ಊಟಕ್ಕೆ ಕುಂತ್ರೂ ಫೋನ್ ನೋಡ್ತಾವ್ರೆ. ಬೇರೆ ಹೆಂಗಸ್ರ ಸಹವಾಸ ಆಗಿದ್ರೆ ನಾನು ಕೇಳ್ಬೋದಿತ್ತು. ಇದು ಚಿನ್ನ. ಏನಂತ ಕೇಳ್ಳಿ?"

ನನಗೆ ಬೇಜಾರಾಯಿತು. ನಿಜವಾಗಿ ಹೇಳಬೇಕೆಂದರೆ ಚಿಕ್ಕಪ್ಪನ ಮೇಲೆ ಕೋಪ ಬಂತು. ಹೋಗಿ ಒಂದು ಸರ ತರುವುದಕ್ಕೆ ಲೋಕದ ಪೇಟೆಯನ್ನೆಲ್ಲ ಗೆಲ್ಲಬೇಕೆ ಎಂದು ಕೇಳಿಬಿಡೋಣ ಅನ್ನಿಸಿತು. ಕೇಳಲಿಲ್ಲ, ಆಡಿ ಹದಿನೆಂಟಕ್ಕೆ ಮೊದಲು ಇಬ್ಬರೂ ಬನ್ನಿ ಎಂದೆ.

ಹಬ್ಬದ ಹಿಂದಿನ ದಿನ ಬಂದರು. ಚಿಕ್ಕಮ್ಮ ನೀಲಿ ಹತ್ತಿ ಸೀರೆ ಉಟ್ಟಿದ್ದಳು. ಹೋದ ವರ್ಷದ ಅರಿಸಿನದ ದಾರ ಬಣ್ಣ ಮಾಸಿ ಕತ್ತಿನಲ್ಲಿ ಕಾಣುತ್ತಿತ್ತು. ನೇರ ಆಭರಣದ ಅಂಗಡಿಗೆ ಹೋಗುತ್ತಿದ್ದೇವೆ ಎಂದುಕೊಂಡು ಹೊರಟವಳನ್ನು ಚಿಕ್ಕಪ್ಪ ಮೊದಲು ನನ್ನ ಕಚೇರಿಗೆ ಹತ್ತಿಸಿದ್ದರು. ಮೆಟ್ಟಿಲು ಹತ್ತಿ ದಣಿದು ಕುರ್ಚಿಯಲ್ಲಿ ಕೂತು ನೀರು ಕುಡಿದಳು.

ಚಿಕ್ಕಪ್ಪ ಪರದೆಯ ಮುಂದೆ ಕೂತು ಹಿಂದಿನ ವಾರದ ಒಂದು ಕ್ಯಾಂಡಲಿನ ಮೇಲೆ ಬೆರಳಿಟ್ಟರು. ಅದರ ಕೆಳಗೆ ಉದ್ದ ಬತ್ತಿ ಇತ್ತು.

"ಈ ತುದೀಲಿ ಒಂದು ರೇಟ್ ಅದೆ ನೋಡು," ಎಂದು ಅವಳಿಗೆ ಹೇಳಿದರು. "ಹೋದ ವಾರ ಬಂದಿತ್ತು. ಬಂದ ರೇಟು ಇನ್ನೊಂದು ಸಲ ಬರ್ದೇ ಇರಲ್ಲ. ಅಲ್ಲಿಗೆ ಬಂದ್ರೆ ನಾಲ್ಕು ಪವನ್‌ಗೆ ಹತ್ರ ಆಗ್ತದೆ. ಆಡಿ ಕಳೀಲಿ, ಆವಣೀಲಿ ವಾಂಗೋಣ."

ಚಿಕ್ಕಮ್ಮ ಅವರನ್ನು ನೋಡಲಿಲ್ಲ. ನನ್ನನ್ನು ಕೇಳಿದಳು.

"ಆ ರೇಟು ಬಂದಾಗ ಅಂಗಡಿ ಬೋರ್ಡ್‌ನಲ್ಲಿ ಏನಿತ್ತು?"

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನ್ನಲ್ಲಿ ಯಾರೂ ಕೇಳಿರಲಿಲ್ಲ. ಆಭರಣದ ಅಂಗಡಿಗಳು ಬೆಳಗ್ಗೆ ಒಮ್ಮೆ ಬೆಲೆ ಹಾಕುತ್ತವೆ, ಕೆಲವು ದಿನ ಮಧ್ಯಾಹ್ನ ಇನ್ನೊಮ್ಮೆ ಬದಲಿಸುತ್ತವೆ. ಆ ಬತ್ತಿ ಇಳಿದದ್ದು ಅಂಗಡಿಗಳು ಬಾಗಿಲು ಹಾಕಿದ ಮೇಲೆ, ಹೊರದೇಶದ ಪೇಟೆಯ ಗಲಾಟೆಯಲ್ಲಿ. ಆ ರಾತ್ರಿಯ ವ್ಯಾಪಾರ ಮುಗಿಯುವುದರೊಳಗೆ ಬೆಲೆ ಮೇಲೆ ಬಂದಾಗಿತ್ತು.

"ಬೋರ್ಡ್‌ನಲ್ಲಿ ಆ ರೇಟು ಬರಲೇ ಇಲ್ಲ ಚಿಕ್ಕಮ್ಮ," ಎಂದೆ. "ಪೇಟೆಯೊಳಗೆ ಸ್ವಲ್ಪ ಹೊತ್ತು ಇತ್ತು, ಅಷ್ಟೆ."

"ಅಷ್ಟು ಹೊತ್ನಲ್ಲಿ ಯಾರು ವಾಂಗಿದ್ರು?"

"ಬೇಕಾದವರು. ಅವರು ವಾಂಗಿದ್ದಕ್ಕೇ ಬೆಲೆ ಮತ್ತೆ ಏರಿದ್ದು. ಉದ್ದ ಬತ್ತಿ ಅಂದ್ರೆ ಅದೇ."

ಅವಳು ತಲೆಯಾಡಿಸಿದಳು. ಪಾಠ ಇಷ್ಟು ಬೇಗ ಮುಗಿದದ್ದು ನನಗೆ ಅದೊಂದೇ ಸಲ.

"ಬೇಕಾದವ್ರು ವಾಂಗ್ಬುಟ್ಟು ಹೋದ್ರು," ಎಂದಳು ಗಂಡನಿಗೆ. "ನಿಮಗೆ ಸರ ಬೇಕಾ? ರೇಟು ಬೇಕಾ?"

ಚಿಕ್ಕಪ್ಪ ಪರದೆಯಿಂದ ಬೆರಳು ತೆಗೆದರು. ಅವರ ಮುಖದಲ್ಲಿ ನಾನು ಅವತ್ತು ಕಂಡದ್ದು ಭಯ. ಚಾರ್ಟ್ ಕಲಿಯಲು ಬಂದ ದಿನದಿಂದಲೂ ಅದು ಅಲ್ಲಿತ್ತೇನೋ, ನಾನು ಗಮನಿಸಿರಲಿಲ್ಲ.

"ವಾಂಗಿದ ಮಾರನೆ ದಿನ ಇಳಿದ್ರೆ ಏನು ಮಾಡ್ಲಿ?" ಎಂದರು. "ಮಾರುವಾಗ್ಲೂ ಹಂಗೇ ಆಯ್ತು. ನಿನ್ನ ಸರ ಕೊಟ್ಟು ಬಂದ ಮೇಲೆ ಅದರ ರೇಟು ಎದ್ದು ಹೋಯ್ತು. ನಾಲ್ಕು ಪವನ್ ತಗೊಂಡ್ ಹೋದೋನು ಮೂರು ತಂದ್ಕೊಟ್ಟು, ಅದೂ ಮೋಸ ಹೋದ್ರೆ?"

ಕಚೇರಿಯಲ್ಲಿ ಬೇರೆ ಇಬ್ಬರು ಇದ್ದರು. ಇಬ್ಬರೂ ತಮ್ಮ ತಮ್ಮ ಪರದೆಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ಅವರಿಗೆ ಕನ್ನಡ ಬಾರದು, ಆದರೂ.

"ಇಳಿದ್ರೆ ಇಳೀಲಿ," ಎಂದಳು ಚಿಕ್ಕಮ್ಮ. "ಈ ಸಲ ನಾನು ಅದನ್ನ ಮಾರಕ್ಕಿಲ್ಲ. ಮಾರ್ದೇ ಇರೋಳಿಗೆ ರೇಟು ಯಾತಕ್ಕೆ?"

ಚಾರ್ಟ್ ಕಲಿಸುವವನಾದ ನಾನು ಪರದೆಯ ಮೇಲಿದ್ದ ಚಾರ್ಟನ್ನು ಮುಚ್ಚಿದೆ.

ಅವರ ಜೊತೆ ನಾನೂ ಅಂಗಡಿಗೆ ಹೋದೆ. ಹಬ್ಬದ ಜನ. ಬೋರ್ಡಿನಲ್ಲಿ ಅಂದಿನ ಬೆಲೆ ದೊಡ್ಡದಾಗಿ ಹೊಳೆಯುತ್ತಿತ್ತು, ಚಿಕ್ಕಪ್ಪ ಅದಕ್ಕೆ ಬೆನ್ನು ಹಾಕಿ ಕೂತರು. ಚಿಕ್ಕಮ್ಮ ಮೂರು ಪವನಿನ ಸರಗಳನ್ನಷ್ಟೇ ತೆಗೆಸಿದಳು. ಹಗ್ಗದ ಹೆಣಿಗೆಯದು ಬೇಡ, ಸೀರೆಗೆ ಸಿಕ್ಕಿಕೊಳ್ಳುತ್ತದೆ ಎಂದಳು. ಆಮೇಲೆ ಮಜೂರಿ ಮತ್ತು ವೇಸ್ಟೇಜಿನ ಮೇಲೆ ಚೌಕಾಸಿಗೆ ಇಳಿದಳು. ಅಂಗಡಿಯವನು ಅಕ್ಕಾ, ಅಕ್ಕಾ ಎನ್ನುತ್ತಲೇ ಒಂದೊಂದು ಮೆಟ್ಟಿಲು ಇಳಿದ. ಅವಳು ಕಾಫಿ ಬೇಡವೆಂದಳು, ಜ್ಯೂಸ್ ಬೇಡವೆಂದಳು, ಇನ್ನೂ ಸ್ವಲ್ಪ ತಗ್ಗಿಸು ಎಂದಳು. ಚಿಕ್ಕಪ್ಪ ತಿಂಗಳುಗಟ್ಟಲೆ ಕಾದು ಚಿನ್ನದ ಬೆಲೆಯಲ್ಲಿ ಇಳಿಸಲಾಗದ್ದನ್ನು ಅವಳು ಕೂತಲ್ಲೇ ಕೂಲಿಯಲ್ಲಿ ಇಳಿಸಿದಳು. ಚಿಕ್ಕಪ್ಪ ಬಿಲ್ಲಿಗೆ ಹಣ ಕಟ್ಟಿದರು. ಡಬ್ಬಿಯನ್ನು ಚಿಕ್ಕಮ್ಮನ ಕೈಗೆ ಕೊಡಲಿಲ್ಲ, ಬಸ್ಸಿನವರೆಗೂ ತಾವೇ ಹಿಡಿದುಕೊಂಡರು.

ಮಾರನೆಯ ದಿನ ಆಡಿ ಹದಿನೆಂಟು. ಪೇಟೆಗೆ ರಜೆ ಇರಲಿಲ್ಲ, ನಾನು ಕೆಲಸಕ್ಕೆ ಬಂದಿದ್ದೆ. ಬೆಳಗ್ಗೆ ಶುರುವಾದಾಗಲೇ ಚಿನ್ನ ಹಿಂದಿನ ದಿನಕ್ಕಿಂತ ಕೆಳಗಿತ್ತು, ಮಧ್ಯಾಹ್ನದ ಹೊತ್ತಿಗೆ ಇನ್ನಷ್ಟು ಜಾರಿತು. ಇಳಿಯಲು ಅದಕ್ಕೆ ಬೇರೆ ದಿನವೇ ಸಿಗಲಿಲ್ಲ. ಚಿಕ್ಕಪ್ಪನ ಫೋನ್ ಬರುತ್ತದೆ ಎಂದು ಕಾದೆ. ಏನು ಹೇಳಬೇಕೆಂದು ಮನಸ್ಸಿನಲ್ಲೇ ಒಂದೆರಡು ಮಾತು ಹೊಂದಿಸಿಕೊಂಡೆ. ಫೋನ್ ಬರಲಿಲ್ಲ. ಹೆದರಿಕೆಯಾಗಿ ನಾನೇ ಮಾಡಿದೆ. ಎತ್ತಿದ್ದು ಚಿಕ್ಕಮ್ಮ.

"ಚಿಕ್ಕಮ್ಮ, ಇವತ್ತು ಚಿನ್ನ ಇಳಿದಿದೆ," ಎಂದೆ.

"ಆಮಾ, ಗೊತ್ತು. ಟಿ.ವಿ.ಯಲ್ಲಿ ಹೇಳಿದ್ರು."

"ಚಿಕ್ಕಪ್ಪ ಏನು ಮಾಡ್ತಿದ್ದಾರೆ?"

"ಕುಂತವ್ರೆ."

"ಚಾರ್ಟ್ ನೋಡ್ತಿದ್ದಾರಾ?"

"ಇಲ್ಲ. ಫೋನ್ ನನ್ನ ಕೈಲದೆಯಲ್ಲ." ಹಿಂದೆ ಒಗ್ಗರಣೆ ಸಿಡಿಯುವ ಸದ್ದು ಕೇಳುತ್ತಿತ್ತು. "ಬೆಳಗ್ಗೆ ಸರ ಹಾಕ್ಕೊಂಡಾಗಿಂದ ನನ್ನೇ ನೋಡ್ಕೊಂಡು ಕುಂತವ್ರೆ. ಒಲೆ ಹತ್ರ ಬಂದ್ರೆ ಒಲೆ ಹತ್ರ ಬತ್ತಾರೆ. ಒಂದು ಕೆಲ್ಸ ಮಾಡಕ್ಕೆ ಬುಡ್ತಾ ಇಲ್ಲ. ಬೇರೆ ಏನಾದ್ರೂ ಕಲ್ಸೋದು ಇದ್ರೆ ಕಲ್ಸಪ್ಪ ಇವ್ರಿಗೆ."